ಮನೆಯ ಮಾತು: ತಾರಸಿಯ ಸುತ್ತುಗೋಡೆ

ಮನೆ ಕಟ್ಟಿಸುವವರಲ್ಲಿ ಬಹುಮಂದಿಗೆ ತಾರಸಿಯ ಸುತ್ತಲಿನ ಮೋಟುಗೋಡೆ ಕಟ್ಟಡದ ಒಂದು ಅಂಗವೆಂದೇ ತೋರುವುದಿಲ್ಲ. ತಳಪಾಯಕ್ಕೆ ಪೂಜೆಯಾಗುತ್ತದೆ, ಹೊಸ್ತಿಲಿಗೆ ಅರಿಸಿನ ಕುಂಕುಮ ಬೀಳುತ್ತದೆ, ಚಾವಣಿಯ ಕಾಂಕ್ರೀಟು ಹಾಕಿದ ದಿನ ಕೆಲಸದವರಿಗೆ ಸಿಹಿಯೂಟ. ಪ್ಯಾರಪೆಟ್ ಗೋಡೆಗೆ ಬರುವುದು ಮಾತ್ರ ಉಳಿದ ಇಟ್ಟಿಗೆ, ಉಳಿದ ಸಿಮೆಂಟು, ಮತ್ತು ಬಹುಮಟ್ಟಿಗೆ ಮುಗಿದುಹೋಗಿರುವ ಹಣ. ಮಕ್ಕಳು ಬೀಳದಂತೆ ಒಂದು ತಡೆಯಿದ್ದರಾಯಿತು ಎಂಬುದು ಯಜಮಾನರ ಎಣಿಕೆ. ಎರಡು ದಿನದಲ್ಲಿ ಮುಗಿಸಿದರಾಯಿತು ಎಂಬುದು ಮೇಸ್ತ್ರಿಯ ಎಣಿಕೆ. ಆದರೆ ಮನೆಯ ಗೋಡೆಗಳಲ್ಲೆಲ್ಲ ಎರಡು ಮೈಗೂ ನೆತ್ತಿಗೂ ಏಕಕಾಲದಲ್ಲಿ ಬಿಸಿಲು ಮಳೆಗಳ ಪೆಟ್ಟು ತಿನ್ನುವ ಗೋಡೆ ಇದೊಂದೇ. ಮಿಕ್ಕ ಗೋಡೆಗಳ ತಲೆಯ ಮೇಲೆ ಚಾವಣಿಯ ಭಾರವಿದೆ, ಆ ಭಾರವೇ ಅವನ್ನು ಹಿಡಿದು ನಿಲ್ಲಿಸುತ್ತದೆ. ಇದರ ತಲೆಯನ್ನು ಹಿಡಿಯುವವರಿಲ್ಲ.

ಮೈಸೂರಿನ ಒಂದು ಬಡಾವಣೆಯಲ್ಲಿ, ಬ್ಯಾಂಕಿನ ನೌಕರಿಯಿಂದ ನಿವೃತ್ತರಾದ ರಾಯರೊಬ್ಬರ ಮನೆಯಲ್ಲಿ ನಡೆದ ಸಂಗತಿಯನ್ನು ಇಲ್ಲಿ ಹೇಳಬಹುದು. 1994ರಲ್ಲಿ ಕಟ್ಟಿದ ಮನೆ. ತಾರಸಿಯ ಹೊರ ಅಳತೆ 36 ಅಡಿ ಉದ್ದ, 24 ಅಡಿ ಅಗಲ. ಸುತ್ತಳತೆ 120 ಅಡಿ. ಕೆಲವು ವರ್ಷಗಳಿಂದ ಅವರ ಮಲಗುವ ಕೋಣೆಯ ಈಶಾನ್ಯ ಮೂಲೆಯಲ್ಲಿ, ಗೋಡೆ ಚಾವಣಿಯನ್ನು ಮುಟ್ಟುವ ಎಡೆಯಲ್ಲಿ, ಮಳೆಗಾಲ ಬಂತೆಂದರೆ ಒದ್ದೆಯ ಕಲೆ ಮೂಡುತ್ತಿತ್ತು. ಈಶಾನ್ಯದಲ್ಲಿ ನೀರಿದ್ದರೆ ಒಳ್ಳೆಯದೇ ಎಂದು ನೆಂಟರೊಬ್ಬರು ಸಮಾಧಾನ ಹೇಳಿದ್ದರು. ರಾಯರ ಪತ್ನಿಗೆ ಆ ಸಮಾಧಾನ ಒಪ್ಪಿಗೆಯಾಗಲಿಲ್ಲ. ಆ ಮೂಲೆಯ ಬೀರುವಿನಲ್ಲಿದ್ದ ರೇಷ್ಮೆ ಸೀರೆಗಳಿಗೆ ಬೂಷ್ಟು ಹಿಡಿದಿತ್ತು.

ರಾಯರು ಸುಮ್ಮನೆ ಕುಳಿತವರಲ್ಲ. ತಾರಸಿಯೇ ಸೋರುತ್ತಿದೆಯೆಂದು ತಿಳಿದು ಮೊದಲ ಸಲ ಸುರ್ಕಿ ಗಾರೆಯನ್ನು ಪೂರ್ತಿ ಕೀಳಿಸಿ ಹೊಸದಾಗಿ ಹಾಕಿಸಿದರು. ಮರುವರ್ಷ ಕಲೆ ಮತ್ತೆ ಬಂತು. ಎರಡನೆಯ ಸಲ ಯಾರೋ ಹೇಳಿದರೆಂದು ಬಿಳಿಯ ರಬ್ಬರಿನಂತಹ ಬಣ್ಣವನ್ನು ತಾರಸಿಗೆಲ್ಲ ಬಳಿಸಿದರು. ಕಲೆ ಅಲ್ಲಿಯೇ ಇತ್ತು. ಒಂದು ಮೊಳ ಬೆಳೆದೂ ಇತ್ತು. ಮೂರನೆಯ ಸಲ ಗುತ್ತಿಗೆದಾರನನ್ನು ಕರೆಯುವ ಮೊದಲು, ಬೆಳಗಿನ ವಾಯುವಿಹಾರದ ಗೆಳೆಯರೊಬ್ಬರನ್ನು ಮನೆಗೆ ಕರೆತಂದರು. ಅವರು ಸರಕಾರದ ಕಟ್ಟಡಗಳ ಮೇಲ್ವಿಚಾರಣೆಯಲ್ಲಿ ಮೂವತ್ತು ವರ್ಷ ಕಳೆದ ಎಂಜಿನಿಯರು.

ಎಂಜಿನಿಯರು ಮೊದಲು ಕೇಳಿದ್ದು ಒಂದೇ ಪ್ರಶ್ನೆ: “ರಾಯರೆ, ಕಲೆ ಕಾಣಿಸೋದು ಮಳೆ ಬರೋವಾಗಲೋ, ನಿಂತ ಮೇಲೋ?”

ರಾಯರು ಯೋಚಿಸುತ್ತಿರುವಾಗಲೇ ಅವರ ಪತ್ನಿ ಉತ್ತರ ಕೊಟ್ಟರು. “ಮಳೆ ಬಂದ ಮಾರನೆ ದಿನ. ಒಂದೊಂದ್ಸಲ ಅದರಾಚೆ ದಿನ. ಮಳೆ ನಿಂತು ಬಿಸಿಲು ಬಂದಿರುತ್ತೆ, ಇಲ್ಲಿ ಗೋಡೆ ಬೆವರ್ತಾ ಇರುತ್ತೆ.”

ತಾರಸಿಯ ನಡುವೆ ಬಿರುಕಿದ್ದರೆ ನೀರು ನೇರವಾಗಿ ಇಳಿದು ಚಾವಣಿಯ ನಡುವೆ ಬೇಗನೆ ಕಾಣಿಸಬೇಕು. ತಡವಾಗಿ, ಅದೂ ಹೊರಗೋಡೆಯ ಅಂಚಿನಲ್ಲೇ ಕಾಣಿಸುವ ನೀರು ಎಲ್ಲಿಯೋ ಇಟ್ಟಿಗೆಯ ಹೊಟ್ಟೆಯಲ್ಲಿ ತಂಗಿ, ನಿಧಾನವಾಗಿ ಇಳಿದು ಬಂದಿರಬೇಕು. ಇದು ಊಹೆ ಮಾತ್ರ. ಊಹೆಯ ಮೇಲೆ ಎರಡು ಸಲ ಹಣ ಸುರಿದಾಗಿತ್ತು. ಆದ್ದರಿಂದ ಈ ಸಲ ಪರೀಕ್ಷೆ ನಡೆಯಲಿ ಎಂದು ಎಂಜಿನಿಯರು ಹೇಳಿದರು. ಮಳೆಯಿಲ್ಲದ ಫೆಬ್ರವರಿ ತಿಂಗಳು ಅದಕ್ಕೆ ಅನುಕೂಲವಾಗಿತ್ತು. ತಾರಸಿಯ ನೀರು ಹೋಗುವ ಕೊಳವೆಗಳ ಬಾಯಿಗೆ ಬಟ್ಟೆ ತುರುಕಿ, ಎರಡು ಅಂಗುಲ ನೀರು ನಿಲ್ಲಿಸಿ, ಒಂದು ಹಗಲು ಒಂದು ರಾತ್ರಿ ಬಿಟ್ಟರು. ಕೆಳಗಿನ ಮೂಲೆ ಒಣಗಿಯೇ ಇತ್ತು. ನೀರನ್ನೆಲ್ಲ ಹೊರಡಿಸಿ ನಾಲ್ಕು ದಿನ ತಾರಸಿಯನ್ನು ಒಣಗಲು ಬಿಟ್ಟು, ಐದನೆಯ ದಿನ ಈಶಾನ್ಯದ ಮೋಟುಗೋಡೆಯ ನೆತ್ತಿಯ ಮೇಲೆ ರಬ್ಬರಿನ ಕೊಳವೆಯನ್ನು ಇಟ್ಟು, ಸಣ್ಣ ಧಾರೆಯಲ್ಲಿ ಎರಡು ಗಂಟೆಯ ಕಾಲ ನೀರು ಹರಿಸಿದರು. ಮರುದಿನ ಬೆಳಿಗ್ಗೆ ರಾಯರು ಕಾಫಿಯ ಲೋಟ ಕೈಯಲ್ಲಿ ಹಿಡಿದು ಬಂದು ನೋಡುವಷ್ಟರಲ್ಲಿ ಕಲೆ ಒದ್ದೆಯಾಗಿತ್ತು. ಎರಡು ಸಲ ತಾರಸಿಗೆ ಮಾಡಿದ ಚಿಕಿತ್ಸೆಯೆಲ್ಲ ಆರೋಗ್ಯವಂತನಿಗೆ ಕೊಟ್ಟ ಔಷಧಿಯಂತಾಗಿತ್ತು, ರೋಗವಿದ್ದದ್ದು ಗೋಡೆಯಲ್ಲಿ.

ಗೋಡೆಯನ್ನು ಹತ್ತಿರದಿಂದ ನೋಡಿದಾಗ ರೋಗದ ಗುರುತುಗಳು ಬೇಕಾದಷ್ಟಿದ್ದವು. ನೆತ್ತಿಗೆ ಕೋಪಿಂಗ್ ಎಂದು ಇದ್ದದ್ದು ಒಂದು ಅಂಗುಲ ದಪ್ಪದ ಸಿಮೆಂಟು ಗಾರೆಯ ಲೇಪ ಮಾತ್ರ. ಅದು ಗೋಡೆಗಿಂತ ಒಂದು ಗೆರೆಯಷ್ಟೂ ಮುಂದಕ್ಕೆ ಚಾಚಿರಲಿಲ್ಲ, ಮಟ್ಟವಾಗಿ ಹಾಸಿದ್ದುದರಿಂದ ಮಳೆಯ ನೀರು ಅದರ ಮೇಲೆ ನಿಲ್ಲುತ್ತಿತ್ತು, ಮತ್ತು ಮೂರು ನಾಲ್ಕು ಅಡಿಗೊಂದರಂತೆ ಅಡ್ಡಲಾಗಿ ಸೀಳಿತ್ತು. ಹೊರಮೈಯಲ್ಲಿ ಚಾವಣಿಯ ಮಟ್ಟಕ್ಕೆ ಸರಿಯಾಗಿ ಉದ್ದಕ್ಕೂ ಒಂದು ಅಡ್ಡ ಬಿರುಕು ಹರಿದಿತ್ತು. ಮೂಲೆಯಿಂದ ಎರಡು ಇಟ್ಟಿಗೆಯಷ್ಟು ದೂರದಲ್ಲಿ ಇನ್ನೊಂದು ಬಿರುಕು ಮೇಲಿನಿಂದ ಕೆಳಗಿನವರೆಗೆ ಇತ್ತು. ಎಂಜಿನಿಯರು ಮೂಲೆಯ ಹೊರಮೈಗೆ ತೂಗುಗುಂಡನ್ನು ಇಳಿಬಿಟ್ಟು ನೋಡಿದರು. ಕೆಳಗಿನ ಕೋಣೆಯ ಗೋಡೆಗಿಂತ ಮೇಲಿನ ಮೋಟುಗೋಡೆಯ ಮೂಲೆ ಮುಕ್ಕಾಲು ಅಂಗುಲ ಹೊರಕ್ಕೆ ಜರುಗಿ ಕುಳಿತಿತ್ತು.

ಈ ಮುಕ್ಕಾಲು ಅಂಗುಲದ ಹಿಂದೆ ಇಪ್ಪತ್ತೈದು ವರ್ಷಗಳ ಬಿಸಿಲಿತ್ತು. ಕಾಂಕ್ರೀಟು ಕಾದರೆ ಹಿಗ್ಗುತ್ತದೆ, ತಣಿದರೆ ಕುಗ್ಗುತ್ತದೆ. 36 ಅಡಿ ಉದ್ದದ ಕಾಂಕ್ರೀಟು 40 ಡಿಗ್ರಿಯಷ್ಟು ಬಿಸಿಯೇರಿದರೆ ಸುಮಾರು 4 ಮಿಲಿಮೀಟರು ಉದ್ದವಾಗುತ್ತದೆ. ಅಷ್ಟೇ ಉದ್ದದ ಮಣ್ಣಿನ ಇಟ್ಟಿಗೆಯ ಗೋಡೆ ಹಿಗ್ಗುವುದು ಅದರ ಅರ್ಧದಷ್ಟು. ಬೇಸಗೆಯಲ್ಲಿ ಹಿಗ್ಗಿದ ಚಾವಣಿ ತನ್ನ ಮೇಲಿನ ಗೋಡೆಯನ್ನು ಮೂಲೆಯ ಕಡೆಗೆ ತಳ್ಳುತ್ತದೆ. ರಾತ್ರಿ ತಣಿದಾಗ ಚಾವಣಿ ಹಿಂದಕ್ಕೆ ಬರುತ್ತದೆ, ಗೋಡೆ ಪೂರ್ತಿ ಹಿಂದಕ್ಕೆ ಬರುವುದಿಲ್ಲ. ಬಿರುಕಿನೊಳಕ್ಕೆ ಧೂಳು, ಗಾರೆಯ ಹರಳು ಬಿದ್ದು ಬೆಣೆಯಂತೆ ಕುಳಿತಿರುತ್ತದೆ. ಮರುದಿನದ ತಳ್ಳುವಿಕೆ ಆ ಬೆಣೆಯಿಂದ ಮುಂದಕ್ಕೆ ನಡೆಯುತ್ತದೆ. ದಿನಕ್ಕೆ ಕೂದಲೆಳೆಯಷ್ಟೂ ಇಲ್ಲದ ಈ ನಡಿಗೆಯನ್ನು ಯಾರೂ ಕಾಣರು. ಆದರೆ ಬಿರುಕು ಬಿಟ್ಟ ಗೋಡೆಯಲ್ಲಿ ನೀರಿಳಿಯುತ್ತದೆ, ನೀರು ಗಾರೆಯನ್ನು ಸಡಿಲಿಸುತ್ತದೆ, ಸಡಿಲವಾದ ಗೋಡೆ ಇನ್ನಷ್ಟು ಸುಲಭವಾಗಿ ಜರುಗುತ್ತದೆ.

ಆ ಮೂಲೆಯ ಕೆಳಗೆ ಬೀದಿಯಿತ್ತು. ಬೆಳಗಿನ ಎಂಟು ಗಂಟೆಗೆ ಶಾಲೆಯ ವ್ಯಾನಿಗಾಗಿ ಅಕ್ಕಪಕ್ಕದ ಮನೆಯ ಮಕ್ಕಳು ನೆರಳು ಹುಡುಕಿ ನಿಲ್ಲುತ್ತಿದ್ದದ್ದು ಅಲ್ಲಿಯೇ. ರಾಯರ ಮೊಮ್ಮಗನೂ ಅವರಲ್ಲಿ ಒಬ್ಬ. ರಾಯರು ಕರೆಸಿದ ಮೇಸ್ತ್ರಿ ಮೊದಲು ಹೇಳಿದ್ದು, “ಬಿರುಕು ಅಗಲಿಸಿ ಸಿಮೆಂಟು ತುಂಬ್ಬಿಟ್ಟು ಮೇಲೆ ಗಾರೆ ಹೊಡೆದ್ರೆ ಗೊತ್ತೇ ಆಗಲ್ಲ ಸ್ವಾಮಿ” ಎಂದು. ಗೊತ್ತಾಗದಂತೆ ಮಾಡುವುದೇ ಅದರ ದೋಷ ಎಂದರು ಎಂಜಿನಿಯರು. ಜರುಗಿದ ಗೋಡೆಯ ಬಿರುಕಿಗೆ ಗಟ್ಟಿಯಾದ ಸಿಮೆಂಟು ತುಂಬಿದರೆ ಅದೂ ಇನ್ನೊಂದು ಬೆಣೆಯೇ. ರಾಯರು ಈಶಾನ್ಯದ ಮೂಲೆಯನ್ನಷ್ಟೇ ಕಟ್ಟಿಸೋಣವೆಂದು ಯೋಚಿಸಿದರು. ಆದರೆ ದಾರ ಹಿಡಿದು ನೋಡಿದಾಗ ಮಿಕ್ಕ ಮೂರು ಮೂಲೆಗಳಲ್ಲಿಯೂ ಇದೇ ಕಥೆ, ಪ್ರಮಾಣ ಮಾತ್ರ ಕಡಿಮೆ. ಕಡೆಗೆ 120 ಅಡಿಯ ಸುತ್ತನ್ನೂ ಇಳಿಸಿ ಹೊಸದಾಗಿ ಕಟ್ಟುವುದೆಂದು ನಿಶ್ಚಯವಾಯಿತು.

ಇಳಿಸುವ ಕೆಲಸವನ್ನು ತಾರಸಿಯ ಒಳಗೆ ನಿಂತು, ಮೇಲಿನ ವರಸೆಯಿಂದ ಒಂದೊಂದಾಗಿ ಇಟ್ಟಿಗೆ ಬಿಡಿಸಿ, ಒಳಕ್ಕೆ ಇಟ್ಟುಕೊಳ್ಳುತ್ತ ಮಾಡಿದರು. ಬೀದಿಯ ಬದಿಗೆ ಹಗ್ಗ ಕಟ್ಟಿ ಜನರ ಓಡಾಟವನ್ನು ತಪ್ಪಿಸಿದ್ದರು. ಗೋಡೆಯ ಬುಡ ತೆರೆದಾಗ ಇನ್ನೊಂದು ಸಂಗತಿ ತಿಳಿಯಿತು. ಹಳೆಯ ಗೋಡೆಯನ್ನು ಚಾವಣಿಯ ನುಣುಪಾದ ಮೇಲ್ಮೈಯ ಮೇಲೆಯೇ ಕಟ್ಟಿದ್ದರು. ಗಾರೆ ಅದನ್ನು ಹಿಡಿದೇ ಇರಲಿಲ್ಲ. ತಾರಸಿಯ ಮೇಲೆ ಹರಿದು ಬಂದ ನೀರಿಗೂ ಆ ಸಂದಿಯಲ್ಲಿ ದಾರಿಯಿತ್ತು.

ಆದ್ದರಿಂದ ಹೊಸ ಕೆಲಸ ಇಟ್ಟಿಗೆಯಿಂದ ಆರಂಭವಾಗಲಿಲ್ಲ. ಚಾವಣಿಯ ಅಂಚನ್ನು ಉಳಿಯಿಂದ ಒರಟು ಮಾಡಿ, ತೊಳೆದು, ಮೂರು ಅಡಿಗೊಂದು ಸಣ್ಣ ಕಬ್ಬಿಣದ ಗೂಟವನ್ನು ಚಾವಣಿಯಲ್ಲಿ ನೆಟ್ಟು, ಅದರ ಮೇಲೆ 9 ಅಂಗುಲ ಅಗಲ, 6 ಅಂಗುಲ ಎತ್ತರದ ಕಾಂಕ್ರೀಟಿನ ಪೀಠವೊಂದನ್ನು ಸುತ್ತಲೂ ಹಾಕಿದರು. ಹೊಸ ಮನೆ ಕಟ್ಟುವವರು ಇದನ್ನು ಚಾವಣಿಯ ಕಾಂಕ್ರೀಟಿನ ಜತೆಗೇ ಹಾಕಿಬಿಟ್ಟರೆ ಗೂಟದ ತೊಂದರೆಯೂ ಇಲ್ಲ, ಸಂದಿಯೂ ಇಲ್ಲ. ಈ ಪೀಠದಿಂದಾಗುವ ಲಾಭವೆಂದರೆ, ತಾರಸಿಯ ಮೇಲಿನ ನೀರು ಎಂದಿಗೂ ಇಟ್ಟಿಗೆಯ ಬುಡವನ್ನು ಮುಟ್ಟುವುದಿಲ್ಲ. ಚಾವಣಿಯ ಮೇಲೆ ಸುರ್ಕಿಯ ಹೊದಿಕೆ ಸರಾಸರಿ 4 ಅಂಗುಲ ದಪ್ಪವಿತ್ತು. ಪೀಠದ ನೆತ್ತಿ ಅದಕ್ಕಿಂತ ಎರಡು ಅಂಗುಲ ಮೇಲೆ ನಿಂತಿತು. ನೀರು ಹೋಗಲು 4 ಅಂಗುಲದ ಎರಡು ಕೊಳವೆಗಳನ್ನೂ ಪೀಠ ಹಾಕುವಾಗಲೇ ಕೂರಿಸಿದರು. ಕಟ್ಟಿ ಮುಗಿದ ಮೇಲೆ ಸುತ್ತಿಗೆಯಿಂದ ಕುಟ್ಟಿ ತೂತು ಮಾಡುವುದು ಎಲ್ಲೆಡೆಯೂ ನಡೆಯುವ ಪದ್ಧತಿ. ಸೋರುವಿಕೆಗೂ ಅದು ಎಲ್ಲೆಡೆಯೂ ಕಾರಣ.

ಎತ್ತರದ ವಿಷಯದಲ್ಲಿ ಮೇಸ್ತ್ರಿಗೂ ಎಂಜಿನಿಯರಿಗೂ ಸ್ವಲ್ಪ ವಾದವಾಯಿತು. ಮೋಟುಗೋಡೆ ಒಂದು ಮೀಟರಿಗೆ, ಎಂದರೆ ಮೂರು ಅಡಿ ಮೂರೂವರೆ ಅಂಗುಲಕ್ಕೆ ಕಡಿಮೆಯಿರಬಾರದೆಂಬುದು ಕಟ್ಟಡದ ನಿಯಮ. ಮೇಸ್ತ್ರಿ ಅಳೆದದ್ದು ಚಾವಣಿಯಿಂದ. ಆದರೆ ಮಗು ನಿಲ್ಲುವುದು ಚಾವಣಿಯ ಮೇಲಲ್ಲ, ಅದರ ಮೇಲಿನ ಸುರ್ಕಿಯ ಮೇಲೆ. ನೀರಿನ ಇಳಿಜಾರಿಗಾಗಿ ಆ ಹೊದಿಕೆ ಕೆಲವೆಡೆ 5 ಅಂಗುಲ ದಪ್ಪವಾಗಿತ್ತು. ಹಳೆಯ ಗೋಡೆ ಚಾವಣಿಯಿಂದ ಮೂರು ಅಡಿ ಇದ್ದದ್ದು, ಎರಡು ಸಲದ ರಿಪೇರಿಯ ತರುವಾಯ ನಿಂತವರಿಗೆ ಎರಡೂವರೆ ಅಡಿಯಷ್ಟೇ ಉಳಿದಿತ್ತೆಂಬುದನ್ನು ಯಾರೂ ಗಮನಿಸಿರಲಿಲ್ಲ. ಹೊಸ ಲೆಕ್ಕ ಹೀಗಾಯಿತು: ಪೀಠ 6 ಅಂಗುಲ, ಇಟ್ಟಿಗೆಯ ಕೆಲಸ 36 ಅಂಗುಲ, ಕೋಪಿಂಗ್ 3 ಅಂಗುಲ, ಒಟ್ಟು 45. ಸುರ್ಕಿ ಅತ್ಯಂತ ದಪ್ಪವಿರುವ ಕಡೆಯಲ್ಲಿ 5 ಕಳೆದರೂ 40 ಅಂಗುಲ ಉಳಿಯುತ್ತದೆ. ಅದು ಒಂದು ಮೀಟರಿಗಿಂತ ತುಸು ಹೆಚ್ಚು.

ಇಟ್ಟಿಗೆಯ ಗೋಡೆ 9 ಅಂಗುಲ ದಪ್ಪ. ರಾಯರ ಮನೆಯಲ್ಲಿ ಮೋಟುಗೋಡೆ ಕೆಳಗಿನ ಹೊರಗೋಡೆಗಳ ನೇರಕ್ಕೆ ಕುಳಿತಿದ್ದುದರಿಂದ ಆ ತೂಕಕ್ಕೆ ಆಧಾರವಿತ್ತು. ಗೋಡೆಯಿಂದಾಚೆಗೆ ಚಾಚಿದ ಚಾವಣಿಯ ತುದಿಯಲ್ಲಿ ಇಂಥ ಗೋಡೆಯನ್ನು ಕಟ್ಟುವುದಾದರೆ ಮಾತು ಬೇರೆ. ಒಂದು ಅಡಿ ಉದ್ದಕ್ಕೆ ನೂರಮೂವತ್ತು ಕಿಲೋಗ್ರಾಮಿನಷ್ಟು ತೂಕ ತುದಿಯಲ್ಲಿ ತೂಗುತ್ತದೆ, ಅದನ್ನು ಲೆಕ್ಕ ಹಾಕಿ ಕಬ್ಬಿಣ ಹಾಕಿಸಿದವರಿಗೆ ಮಾತ್ರ ಆ ಧೈರ್ಯ ಸಲ್ಲುತ್ತದೆ. ಮೂಲೆಗಳನ್ನು ಒಂದೇ ಸಲ ಎಣಿಸಿ ಗೋಡೆಯ ನಡುಗೆರೆಯ ಉದ್ದ ಹಿಡಿದರೆ 117 ಅಡಿ. ಮೂರು ಅಡಿ ಎತ್ತರ, ಮುಕ್ಕಾಲು ಅಡಿ ದಪ್ಪ. ಒಟ್ಟು 263 ಘನ ಅಡಿ ಕೆಲಸ. ಒಡೆದದ್ದು ಚೂರಾದದ್ದು ಸೇರಿಸಿ ನಾಲ್ಕು ಸಾವಿರ ಇಟ್ಟಿಗೆ, ಹತ್ತು ಹನ್ನೊಂದು ಮೂಟೆ ಸಿಮೆಂಟು. ಗಾರೆ ಒಂದಕ್ಕೆ ಆರು. ಇನ್ನೂ ಸಿಮೆಂಟು ಹೆಚ್ಚಿಸೋಣವೆಂದು ರಾಯರು ಉದಾರವಾಗಿ ಹೇಳಿದರು, ಎಂಜಿನಿಯರು ಬೇಡವೆಂದರು. ಸಿಮೆಂಟು ಹೆಚ್ಚಾದ ಗಾರೆ ಒಣಗುವಾಗ ಹೆಚ್ಚು ಕುಗ್ಗುತ್ತದೆ, ಮತ್ತು ಗೋಡೆ ಅಲುಗಿದಾಗ ಬಾಗದೆ ಸೀಳುತ್ತದೆ.

ಇಟ್ಟಿಗೆಗಳನ್ನು ತೊಟ್ಟಿಯಲ್ಲಿ ಮುಳುಗಿಸಿ, ಗುಳ್ಳೆ ಬರುವುದು ನಿಂತ ಮೇಲೆ ಹೊರತೆಗೆದು, ಮೈಮೇಲಿನ ನೀರು ಆರಿದ ಬಳಿಕ ಬಳಸಿದರು. ಒಣ ಇಟ್ಟಿಗೆ ಗಾರೆಯ ನೀರನ್ನು ಕುಡಿದುಬಿಡುತ್ತದೆ, ಗಾರೆ ಕೇವಲ ಮರಳಾಗಿ ಉಳಿಯುತ್ತದೆ. ಒಂದು ವರಸೆ ಉದ್ದ ಇಟ್ಟಿಗೆ, ಮುಂದಿನ ವರಸೆ ಗೋಡೆಯ ದಪ್ಪಕ್ಕೂ ಹಾಯುವ ಅಡ್ಡ ಇಟ್ಟಿಗೆ. ಹೀಗೆ ಹನ್ನೆರಡು ವರಸೆ. ಉದ್ದ ಇಟ್ಟಿಗೆಗಳನ್ನೇ ಎರಡು ಸಾಲಾಗಿ ಒಂದೇ ಸಮನೆ ಏರಿಸಿಕೊಂಡು ಹೋದರೆ ಕೆಲಸ ಬೇಗ ಸಾಗುತ್ತದೆ, ಆದರೆ ಅದು ಒಂಬತ್ತು ಅಂಗುಲದ ಗೋಡೆಯಲ್ಲ. ಬೆನ್ನಿಗೆ ಬೆನ್ನು ತಾಗಿಸಿ ನಿಂತ ಎರಡು ನಾಲ್ಕೂವರೆ ಅಂಗುಲದ ಗೋಡೆಗಳು. ನಾಲ್ಕು ಮೂಲೆಗಳನ್ನು ಮೊದಲು ಮೂರು ನಾಲ್ಕು ವರಸೆ ಏರಿಸಿ, ತೂಗುಗುಂಡು ನೋಡಿ, ಮೂಲೆಯಿಂದ ಮೂಲೆಗೆ ದಾರ ಕಟ್ಟಿ, ನಡುವಣ ಭಾಗವನ್ನು ಅನಂತರ ತುಂಬಿದರು. ಸಂದುಗಳಲ್ಲಿ, ಅದರಲ್ಲಿಯೂ ಇಟ್ಟಿಗೆಯ ಪಕ್ಕದ ನಿಲುಸಂದುಗಳಲ್ಲಿ, ಗಾರೆ ಪೂರ್ತಿ ತುಂಬಿದೆಯೇ ಎಂದು ಎಂಜಿನಿಯರು ಆಗಾಗ ಮೇಲಿನಿಂದ ಬಗ್ಗಿ ನೋಡುತ್ತಿದ್ದರು. ಕರಣೆಯ ತುದಿಯಿಂದ ಮುಖಕ್ಕಷ್ಟೇ ಗಾರೆ ಒತ್ತಿ ಹೊಟ್ಟೆಯನ್ನು ಟೊಳ್ಳು ಬಿಡುವ ಚಾಳಿ ಒಳ್ಳೆಯ ಕೆಲಸಗಾರರಿಗೂ ಇರುತ್ತದೆ. ಗಾರೆ ಬಳಿದ ಮೇಲೆ ಅದನ್ನು ನೋಡುವವರಾರು?

36 ಅಡಿಯ ಎರಡು ಉದ್ದ ಪಕ್ಕಗಳ ನಟ್ಟನಡುವೆ, ಪೀಠದಿಂದ ನೆತ್ತಿಯವರೆಗೆ, ಅರ್ಧ ಅಂಗುಲದ ನೇರ ಸೀಳೊಂದನ್ನು ಬಿಡಬೇಕೆಂದಾಗ ಮೇಸ್ತ್ರಿಗೆ ಸಿಟ್ಟೇ ಬಂತು.

“ಇಷ್ಟು ಗಟ್ಟಿಯಾಗಿ ಕಟ್ಟಿಸ್ತೀರಿ, ಆಮೇಲೆ ನೀವೇ ಸೀಳಿಸ್ತೀರಲ್ಲ ಸ್ವಾಮಿ!”

“ನೀವು ಬಿಡದೆ ಹೋದರೆ ಬಿಸಿಲೇ ಸೀಳುತ್ತೆ, ಮೇಸ್ತ್ರಿ” ಎಂದರು ಎಂಜಿನಿಯರು. “ಅದು ಸೀಳಿದರೆ ಅದಕ್ಕೆ ಬೇಕಾದ ಕಡೆ, ಡೊಂಕು ಡೊಂಕಾಗಿ. ನಾವು ಬಿಟ್ಟರೆ ನಮಗೆ ಬೇಕಾದ ಕಡೆ, ನೆಟ್ಟಗೆ.”

ಆ ಸೀಳಿನಲ್ಲಿ ಒತ್ತಿದರೆ ಕುಗ್ಗುವ ಮೆತ್ತನೆಯ ಹಲಗೆಯನ್ನಿಟ್ಟು, ಎರಡು ಮುಖಗಳಿಗೂ ರಬ್ಬರಿನಂತೆ ಎಳೆಯುವ ಮೇಣವನ್ನು ತುಂಬಿದರು. 24 ಅಡಿಯ ಪಕ್ಕಗಳಿಗೆ ಅದರ ಅಗತ್ಯ ಕಾಣಲಿಲ್ಲ.

ಇನ್ನು ಕೋಪಿಂಗ್. ಇಡೀ ಕೆಲಸದಲ್ಲಿ ತಾಳ್ಮೆ ಬೇಕಾದದ್ದು ಇಲ್ಲಿಯೇ. ಒಂದಕ್ಕೆ ಎರಡು ಮರಳು, ನಾಲ್ಕು ಸಣ್ಣ ಜಲ್ಲಿಯ ಕಾಂಕ್ರೀಟು. ಒಟ್ಟು 34 ಘನ ಅಡಿ, ಆರು ಮೂಟೆ ಸಿಮೆಂಟು. ಅಗಲ 14 ಅಂಗುಲ: ಗೋಡೆ 9, ಎರಡು ಮೈಯ ಗಾರೆಗೆ ಅರ್ಧರ್ಧ, ಅದರಾಚೆಗೆ ಎರಡು ಕಡೆಯೂ ಎರಡೆರಡು ಅಂಗುಲದ ಚಾಚು. ದಪ್ಪ ಹೊರಗಡೆ ಮೂರೂವರೆ ಅಂಗುಲ, ಒಳಗಡೆ ಎರಡೂವರೆ. ಎಂದರೆ ನೆತ್ತಿಯ ನೀರು ತಾರಸಿಯ ಕಡೆಗೆ ಇಳಿಯಬೇಕು. ಹೊರಕ್ಕೆ ಇಳಿಸಿದರೆ ಧೂಳು ಕೂಡಿದ ನೀರು ಮನೆಯ ಮುಖದ ಮೇಲೆ ಕಪ್ಪು ನಾಮಗಳನ್ನು ಬಳಿಯುತ್ತದೆ. ಚಾಚಿನ ಕೆಳಮೈಯಲ್ಲಿ, ಅಂಚಿನಿಂದ ಮುಕ್ಕಾಲು ಅಂಗುಲ ಒಳಕ್ಕೆ, ಅರ್ಧ ಅಂಗುಲದ ಒಂದು ಗೀರು ಸುತ್ತಲೂ ಓಡಬೇಕು. ನೀರಿಗೆ ಒಂದು ಗುಣವಿದೆ: ಅಂಚಿಗೆ ಬಂದದ್ದು ಕೆಳಕ್ಕೆ ಬೀಳದೆ ಅಡಿಮೈಯನ್ನು ಅಂಟಿಕೊಂಡು ಹಿಂದಕ್ಕೆ ಹರಿದು ಗೋಡೆಯನ್ನು ಸೇರುತ್ತದೆ. ಗೀರು ಎದುರಾದರೆ ದಾಟಲಾರದೆ ಅಲ್ಲಿಯೇ ತೊಟ್ಟಿಕ್ಕುತ್ತದೆ. ಹಲಗೆ ಕಟ್ಟುವಾಗಲೇ ಅದರ ಮೇಲೆ ಅರ್ಧ ಅಂಗುಲದ ಮರದ ಪಟ್ಟಿಯನ್ನು ಮೊಳೆ ಹೊಡೆದು ಕೂರಿಸಿದರೆ ಗೀರು ತಾನಾಗಿಯೇ ಮೂಡುತ್ತದೆ. ಇಷ್ಟು ಕಷ್ಟಪಟ್ಟು ಮಾಡಿದ ಗೀರನ್ನು ಗಾರೆ ಬಳಿಯುವವನು ಅಂದಗೆಡಿಸುವ ತಗ್ಗೆಂದು ತಿಳಿದು ಮೆತ್ತಿ ಮುಚ್ಚಿಬಿಡುವುದೂ ಉಂಟು. ರಾಯರ ಮನೆಯಲ್ಲಿಯೂ ಹತ್ತು ಅಡಿ ಹಾಗೆ ಮುಚ್ಚಿಹೋಗಿ, ಮರುದಿನ ಕೆರೆದು ತೆಗೆಯಬೇಕಾಯಿತು.

ಸುತ್ತಲೂ ಒಂದೇ ಅಖಂಡ ಪಟ್ಟಿಯಾಗಿ ಹಾಕಿದರೆ ಕೋಪಿಂಗ್ ಗಟ್ಟಿಯೆಂಬುದು ರಾಯರ ಭಾವನೆಯಾಗಿತ್ತು. ಚಾವಣಿ ಗೋಡೆಯನ್ನು ತಳ್ಳಿದ ಕಥೆಯೇ ಇಲ್ಲಿ ತಲೆಕೆಳಗಾಗಿ ನಡೆಯುತ್ತದೆ; ಕಾಂಕ್ರೀಟಿನ ಪಟ್ಟಿ ತನ್ನ ಕೆಳಗಿನ ಇಟ್ಟಿಗೆಗಿಂತ ಎರಡರಷ್ಟು ಹಿಗ್ಗಿ, ಮೂಲೆಯ ಇಟ್ಟಿಗೆಗಳನ್ನು ಎಳೆದುಕೊಂಡು ಹೋಗುತ್ತದೆ. ಆದುದರಿಂದ 120 ಅಡಿಯನ್ನು ಹನ್ನೆರಡು ಅಡಿಯ ಹತ್ತು ತುಂಡುಗಳಾಗಿ ಮಾಡಿದರು. ಮೂಲೆಯಲ್ಲಿ ಸಂದು ಬರಕೂಡದು. ಅಲ್ಲಿ ಪಕ್ಕಕ್ಕೆ ಆರಾರು ಅಡಿಯಂತೆ ಮಡಿಚಿದ ಮೊಳಕೈಯಂಥ ಒಂದೇ ತುಂಡು. ಅಂಥವು ನಾಲ್ಕು. ಉದ್ದ ಪಕ್ಕಗಳಲ್ಲಿ ನೇರ ತುಂಡು ಎರಡೆರಡು, ಗಿಡ್ಡ ಪಕ್ಕಗಳಲ್ಲಿ ಒಂದೊಂದು. ಹೀಗೆ ಹಂಚಿದಾಗ ಉದ್ದ ಪಕ್ಕದ ನಡುವಣ ಸಂದು ಸರಿಯಾಗಿ ಗೋಡೆಯಲ್ಲಿ ಬಿಟ್ಟ ಸೀಳಿನ ನೆತ್ತಿಗೇ ಬಂತು. ಮೇಸ್ತ್ರಿ ಅದನ್ನು ಕಂಡು ಮೊದಲ ಸಲ ನಕ್ಕ. ಗೋಡೆಯ ಸೀಳು ಒಂದು ಕಡೆ, ಕೋಪಿಂಗಿನ ಸಂದು ಇನ್ನೊಂದು ಕಡೆ ಬಂದಿದ್ದರೆ ಕೆಳಗಿನ ಸೀಳು ಮೇಲಿನ ಕಾಂಕ್ರೀಟನ್ನೂ ಸೀಳುತ್ತಿತ್ತು.

ಕಾಂಕ್ರೀಟು ಸುರಿಯುವ ಮೊದಲು ಇಟ್ಟಿಗೆಯ ನೆತ್ತಿಯ ಮೇಲೆ ಟಾರು ಬಳಿದ ಹಾಸನ್ನು ಉದ್ದಕ್ಕೂ ಹಾಸಿದರು. ಅದರಿಂದ ಎರಡು ಪ್ರಯೋಜನ. ಸಂದಿನಲ್ಲಿ ಎಂದಾದರೂ ನೀರು ಇಳಿದರೆ ಅದು ಇಟ್ಟಿಗೆಗೆ ಹೋಗದೆ ಹಾಸಿನ ಮೇಲೆ ಜಾರಿ ಹೊರಬರುತ್ತದೆ. ಕಾಂಕ್ರೀಟು ಹಿಗ್ಗಿ ಕುಗ್ಗುವಾಗ ಇಟ್ಟಿಗೆಯನ್ನು ಕಚ್ಚಿ ಎಳೆಯದೆ ಹಾಸಿನ ಮೇಲೆಯೇ ಸರಿದಾಡುತ್ತದೆ. ಹಾಗೆಂದು ಪೂರ್ತಿ ಸಡಿಲ ಬಿಡಲಿಲ್ಲ. ಪ್ರತಿಯೊಂದು ತುಂಡಿನ ನಡುವೆ, ಮೊಳಕೈ ತುಂಡಾದರೆ ಮೂಲೆಯಲ್ಲಿ, ಎರಡು ಕಬ್ಬಿಣದ ಗೂಟಗಳು ಇಟ್ಟಿಗೆಯಿಂದ ಎದ್ದು ಕಾಂಕ್ರೀಟಿನೊಳಕ್ಕೆ ಹೋದವು; ಗೂಟದ ಸುತ್ತ ಟಾರು ಮೆತ್ತಿದರು. ನಡುವೆ ಹಿಡಿತ, ತುದಿಗಳಿಗೆ ಬಿಡುಗಡೆ. ಪ್ರತಿ ತುಂಡಿನಲ್ಲಿ ಉದ್ದಕ್ಕೆ 8 ಮಿಲಿಮೀಟರಿನ ಎರಡು ಸರಳು, ಅಡ್ಡಕ್ಕೆ 6 ಮಿಲಿಮೀಟರಿನ ತುಂಡು ಸರಳು. ಸರಳು ಯಾವ ಸಂದನ್ನೂ ದಾಟಲಿಲ್ಲ, ಮತ್ತು ಯಾವ ಕಡೆಯಿಂದಲೂ ಒಂದು ಅಂಗುಲಕ್ಕಿಂತ ಕಡಿಮೆ ಕಾಂಕ್ರೀಟಿನ ಮರೆಯಲ್ಲಿರಲಿಲ್ಲ. ತೆಳುವಾದ ಕೋಪಿಂಗಿನಲ್ಲಿ ಸರಳು ಮೇಲಕ್ಕೆ ಬಂದರೆ ತುಕ್ಕು ಹಿಡಿದು ಊದಿಕೊಂಡು, ಕಾಂಕ್ರೀಟಿನ ಅಂಚನ್ನು ಒಡೆದು ಬೀದಿಗೆ ಕೆಡಹುತ್ತದೆ.

ಕೆಲಸ ನಡೆದದ್ದು ಮಾರ್ಚಿಯ ಬಿಸಿಲಿನಲ್ಲಿ. ಅಷ್ಟು ತೆಳುವಾದ ಕಾಂಕ್ರೀಟು ಆ ಬಿಸಿಲಿನಲ್ಲಿ ಮಧ್ಯಾಹ್ನದೊಳಗೆ ನೀರಾರಿ ಸೀಳುತ್ತದೆ. ಬೆಳಗಿನ ಹೊತ್ತಿನಲ್ಲಿಯೇ ಸುರಿದು, ಮೇಲ್ಮೈ ಬಿಗಿದ ಕೂಡಲೇ ಒದ್ದೆ ಗೋಣಿಚೀಲ ಹೊದಿಸಿ, ಹತ್ತು ದಿನ ಅದು ಒಣಗದಂತೆ ನೋಡಿಕೊಂಡರು. ಈ ಭಾಗವನ್ನು ರಾಯರ ಪತ್ನಿ ತಾವೇ ವಹಿಸಿಕೊಂಡರು. ದಿನಕ್ಕೆ ನಾಲ್ಕು ಸಲ ಬಿಂದಿಗೆ ಹಿಡಿದು ತಾರಸಿ ಹತ್ತಿದರು. ನೀರು ಹಾಕುವ ಆಳಿನ ಮೇಲೆ ಅವರಿಗೆ ನಂಬಿಕೆಯಿರಲಿಲ್ಲ.

ಒಳಮೈಯಲ್ಲಿ ಸುರ್ಕಿಯ ಹೊದಿಕೆ ಪೀಠವನ್ನು ಸೇರುವ ಮೂಲೆಯನ್ನು ಕೋನವಾಗಿ ಬಿಡದೆ ಗುಂಡಗೆ ತೀಡಿ, ನೀರು ತಡೆಯುವ ಲೇಪವನ್ನು ಗೋಡೆಯ ಮೇಲೆ ಒಂದು ಗೇಣು ಏರಿಸಿ, ಅದರ ಮೇಲಂಚನ್ನು ಗೋಡೆಯಲ್ಲಿ ಕೊರೆದ ಸಣ್ಣ ಗಾಡಿಯೊಳಗೆ ಸಿಕ್ಕಿಸಿದರು. ಹೊರಮೈಯ ಗಾರೆಯಲ್ಲಿ ಚಾವಣಿಯ ಅಡಿಮಟ್ಟಕ್ಕೆ ಒಂದು ಅಡ್ಡ ಗೀರು ಬಿಟ್ಟರು. ಇದು ಏಕೆಂದು ರಾಯರು ಕೇಳಿದಾಗ ಎಂಜಿನಿಯರು ಮುಚ್ಚುಮರೆಯಿಲ್ಲದೆ ಹೇಳಿದರು: ಗೋಡೆಯನ್ನು ಈಗ ಚಾವಣಿಗೆ ಬಿಗಿದದ್ದಾಯಿತು, ಅವೆರಡೂ ಒಟ್ಟಿಗೆ ಓಡಾಡುತ್ತವೆ, ಆದರೆ ಚಾವಣಿ ಓಡಾಡುವುದನ್ನು ನಿಲ್ಲಿಸಲು ಯಾರಿಂದಲೂ ಆಗದು. ಅದರ ಕೆಳಗಿನ ಗೋಡೆಯ ಮೇಲೆ ಅದು ಸರಿದಾಗ ಬರುವ ಕೂದಲ ಬಿರುಕು ಆ ಗೀರಿನೊಳಗೆ ಅಡಗಿರಲಿ. ತಾರಸಿಗೆ ಬೇಸಗೆಯಲ್ಲಿ ಬಿಳಿಯ ಸುಣ್ಣ ಹೊಡೆಸಿದರೆ ಕಾವು ತಗ್ಗಿ ಓಡಾಟವೂ ತಗ್ಗುತ್ತದೆ.

ಕೆಲಸ ಮುಗಿದ ದಿನ ಒಂದು ಚೊಂಬು ನೀರಿನಿಂದ ಪರೀಕ್ಷೆ ನಡೆಯಿತು. ನೆತ್ತಿಯ ಮೇಲೆ ಸುರಿದ ನೀರು ನಿಲ್ಲದೆ ಒಳಕ್ಕೆ ಇಳಿಯಿತು. ಹೊರ ಅಂಚಿಗೆ ಬೇಕೆಂದೇ ಚಿಮುಕಿಸಿದ್ದು ಗೀರಿನವರೆಗೆ ಹೋಗಿ ಅಲ್ಲಿಂದ ನೇರವಾಗಿ ಹನಿಯಿತು. ಗೋಡೆಯ ಗಾರೆ ಒಣಗಿಯೇ ಇತ್ತು. ಎರಡು ಕಡೆ ಮಾತ್ರ ಹನಿ ಗೋಡೆಗೆ ಓಡಿತು, ಅಲ್ಲಿ ಗೀರನ್ನು ಇನ್ನಷ್ಟು ಬಿಡಿಸಿದರು. ಮೇಸ್ತ್ರಿ ಹೊರಡುವ ಮೊದಲು, ಬಟ್ಟೆ ಒಣಗಿಸುವ ತಂತಿಗೆಂದು ಕೋಪಿಂಗಿನ ಮೇಲೆ ನಾಲ್ಕು ಕೊಕ್ಕೆ ಹೊಡೆಯಲು ಸುತ್ತಿಗೆ ಎತ್ತಿದ್ದ. ರಾಯರು ಓಡಿಬಂದು ತಡೆದರು. ಒದ್ದೆ ಸೀರೆಗಳ ತೂಕಕ್ಕೆ ಬಿಗಿದ ತಂತಿ ಎಳೆಯುವುದು ಗೋಡೆಯ ತಲೆಯನ್ನೇ. ತಂತಿಗೆ ತಾರಸಿಯ ಮೇಲೆ ಬೇರೆ ಕಂಬಗಳು ಬಂದವು.

ಆ ವರ್ಷದ ಹಿಂಗಾರು ಜೋರಾಗಿಯೇ ಹೊಡೆಯಿತು. ಮೊದಲ ದೊಡ್ಡ ಮಳೆಯ ಮಾರನೆಯ ದಿನ, ಅದರಾಚೆಯ ದಿನ, ರಾಯರು ಈಶಾನ್ಯ ಮೂಲೆಯನ್ನು ಕೈಯಿಂದ ಮುಟ್ಟಿ ನೋಡಿದರು. ಒಣಗಿತ್ತು. ಆದರೂ ಎಂಜಿನಿಯರು ಹೇಳಿಹೋಗಿದ್ದಂತೆ, ಸಂದುಗಳಲ್ಲಿ ತುಂಬಿದ ಮೇಣ ಬಿಸಿಲಿಗೆ ಕೆಲವು ವರ್ಷಗಳಲ್ಲಿ ಗಡುಸಾಗಿ ಅಂಚು ಬಿಡುತ್ತದೆ. ಹತ್ತು ಸಂದುಗಳನ್ನೂ ವರ್ಷಕ್ಕೊಮ್ಮೆ, ಮಳೆಗೆ ಮುಂಚೆ, ಉಗುರಿನಿಂದ ಒತ್ತಿ ನೋಡಬೇಕು. ಯುಗಾದಿಗೆ ಹೊಸ ಪಂಚಾಂಗ ಬಂದಾಗ ರಾಯರ ಪತ್ನಿ ಅದರ ವೈಶಾಖದ ಪುಟದ ಅಂಚಿನಲ್ಲಿ “ಮೇಣ ನೋಡುವುದು” ಎಂದು ಪೆನ್ಸಿಲಿನಲ್ಲಿ ಬರೆದು, ಅದನ್ನು ಬೀರುವಿನಲ್ಲಿ ರೇಷ್ಮೆ ಸೀರೆಗಳ ಮೇಲೆಯೇ ಇಟ್ಟರು.